ಬಸ್ಸು ಹತ್ತಿದವಳು

ಕಾಡಸಿದ್ದ ಮಾಸ್ತರರು ಬೈಯುವಾಗ ದನಿ ಏರಿಸುತ್ತಿರಲಿಲ್ಲ. ಹಾರ್ಮೋನಿಯಂ ಮೇಲೆ ಒಂದು ಕೈ ಇಟ್ಟುಕೊಂಡು, ಮಗುವಿಗೆ ಕಥೆ ಹೇಳುವಷ್ಟು ಮೆತ್ತಗೆ ಬೈಯುತ್ತಿದ್ದರು. ಅದಕ್ಕೇ ಅವರ ಬೈಗುಳ ಹೆಚ್ಚು ಸುಡುತ್ತಿತ್ತು.

ಕಾಗವಾಡದ ರಾವಸಾಹೇಬರ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಆ ಸಂಜೆ ನಾಟಕದ ಓದು ನಡೆದಿತ್ತು. ಸುಗ್ಗಿ ಮುಗಿದು ಶೆಡ್ಡು ಖಾಲಿಯಾದ ಮೇಲೆ ಊರಿನ ನಾಟಕ ತಂಡಕ್ಕೆ ಅದೇ ತಾಲೀಮಿನ ಜಾಗ. ನೆಲಕ್ಕೆಲ್ಲ ಇನ್ನೂ ಸಿಹಿ ಅಂಟಿತ್ತು, ಕೂತರೆ ಇರುವೆ ಹತ್ತುತ್ತಿದ್ದವು. ಫರಹೀನ ಒಂದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ತಾನು ಬರೆದ ನಾಟಕವನ್ನು ಕೊನೆಯ ಸಾಲಿನವರೆಗೆ ಓದಿ ತಲೆ ಎತ್ತಿದಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಓದುವುದರಲ್ಲಿ ಕೊರತೆಯಿರಲಿಲ್ಲ. ಎದುರಿಗಿದ್ದ ಹತ್ತು ಹನ್ನೆರಡು ಗಂಡಸರಲ್ಲಿ ಇಬ್ಬರು ಮೂಗು ಒರೆಸಿಕೊಂಡಿದ್ದರು ಕೂಡ.

"ಛಲೋ ಓದಿದ್ರಿ ಮೇಡಮ್ಮಾರ," ಅಂದರು ಮಾಸ್ತರರು. "ಈಗ ಒಂದ ಕೆಲಸ ಮಾಡೂಣು. ಈ ನಾಟಕದಿಂದ ನಾಯಕೀನ್ನ ತಗದ ಹಾಕೂಣು."

"ಅಂದ್ರ?"

"ಅಂದ್ರ, ತುಳಸಾ ಇಲ್ಲ ಅಂತ ತಿಳೀರಿ. ಅತ್ತಿ ಹೊಸಾ ಸೊಸೀನ್ನ ನೋಡ್ತಾಳ, ಗಂಡ ಎರಡನೇ ಲಗ್ನಾ ಮಾಡ್ಕೋತಾನ, ಕೂಸು ಅಜ್ಜಿ ಕೈಯಾಗ ಬೆಳೀತೈತಿ. ಏನಾರ ನಿಂತತೇನು? ಎಲ್ಲಾ ಹೆಂಗ ನಡದಿತ್ತೋ ಹಂಗ ನಡೀತೈತಿ. ತುಳಸಾ ನಾಯಕಿ ಅಲ್ಲರಿ, ಟಪಾಲು. ಒಬ್ಬರು ಕಳಸ್ತಾರ, ಇನ್ನೊಬ್ಬರು ತಗೋತಾರ. ನಡುವ ಸ್ವಲ್ಪ ಅಳತಾಳ."

ಮೂಗು ಒರೆಸಿಕೊಂಡಿದ್ದವರೇ ಮೊದಲು ನಕ್ಕರು.

"ಬಸ್ ಸ್ಟ್ಯಾಂಡ್ ಸೀನ್ ನೋಡ್ರಿ. ಅತ್ತಿ 'ಬಿಸಲ ಐತಿ, ಕೂಸಿನ್ನ ನಾಳೆ ಜೀಪನ್ಯಾಗ ಕಳಸ್ತೀನಿ' ಅಂತ ಕೂಸಿನ್ನ ಕಸ್ಕೋತಾಳ. ಬಸ್ ಬರತೈತಿ. ಕಂಡಕ್ಟರ್ ಹತ್ತವಾ ಅಂತಾನ, ಈಕಿ ಹತ್ತತಾಳ. ಹಂಗಾರ ಈ ಸೀನ್ ನಡಿಸಿದಾಂವ ಯಾರು? ಕಂಡಕ್ಟರ್! ಅವನ್ನ ನಾಯಕ ಮಾಡ್ರಿ, ರಾವಸಾಹೇಬಗ ಪಾರ್ಟೂ ಸಿಗತೈತಿ, ಖಾಕಿ ಅಂಗೀನೂ ಐತಿ."

ಫರಹೀನಳ ಕಿವಿ ಬಿಸಿಯಾದವು. "ಮಾಸ್ತರ್ರ, ಖರೇನ ಹಂಗ ಆಗಿತ್ತರಿ. ಬದುಕಿನ್ಯಾಗ ಎಷ್ಟೋ ಮಂದಿಗೆ ಹಂಗ ಆಗತೈತಿ."

"ಆಗತೈತ್ರಿ. ಆದ್ರ ಬದುಕು ನೋಡಾಕ ಮಂದಿ ಖುರ್ಚಿ ಹಿಡದ ಕೂಡೂದಿಲ್ಲ."

ಆಮೇಲೆ ಅವರು ಬೈಯುವುದನ್ನು ಬಿಟ್ಟು ಹೇಳಿಕೊಟ್ಟರು. ಆ ಸೀಮೆಯಲ್ಲಿ ಊರ ನಾಟಕದ ನಾಯಕಿಯರೆಲ್ಲ ಅಳುಬುರುಕರಾಗಿರುವುದಕ್ಕೆ ಒಂದು ಕಾರಣವಿದೆ. ಗಂಡು ಪಾತ್ರಗಳಿಗೆ ಊರ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ನಾಯಕಿಯನ್ನು ಮಾತ್ರ ಹೊರಗಿನಿಂದ ಕರೆಸುತ್ತಾರೆ, ಆಕೆ ಬರುವುದು ನಾಟಕದ ದಿನ ಸಂಜೆ. ಮಾತು ಬಾಯಿಗೆ ಬರದವಳಿಗೆ ಏನು ಕೊಡುವುದು? ಮೂರು ಹಾಡು, ನಾಲ್ಕು ಅಳು, ಉಳಿದವರು ಎಳೆದತ್ತ ಹೋಗುವುದು. ಮಾಸ್ತರರು ತಮ್ಮ ನಲವತ್ತು ವರ್ಷಗಳಲ್ಲಿ ಬರೆದದ್ದೂ ಅಂಥದ್ದೇ.

"ನಮಗ ಬ್ಯಾರೆ ದಾರಿ ಇರಲಿಲ್ಲ. ನೀವು ಕಲತವ್ರು, ನೀವೂ ಅದನ್ನ ಮಾಡಿದ್ರ ಹೆಂಗ? ನಾಯಕಿಗೆ ಏನಾರ ಬೇಕಾಗಿರಬೇಕು. ಬೇಕಾದ್ದಕ್ಕ ಆಕಿ ಕೈ ಹಾಕಬೇಕು. ಹಾಕಿದ್ರ ಕೈ ಸುಡಬೇಕು. ಆ ಸುಟ್ಟ ಕೈಲೇ ಮುಂದಿನ ಅಂಕ ಸುರು ಆಗಬೇಕು. ಇಷ್ಟ." ಹೀಗೆ ಹೇಳಿ, ತಮ್ಮ ಬಸಿಯಲ್ಲಿದ್ದ ಚಹಾದಲ್ಲಿ ಅರ್ಧವನ್ನು ಅವಳ ಖಾಲಿ ಲೋಟಕ್ಕೆ ಸುರಿದರು. ಅವರು ಬೈದದ್ದು ಅವಳಿಗೆ ಬಹಳ ದಿನ ನೆನಪಿದ್ದರೂ, ಆ ಚಹಾವನ್ನೂ ಅವಳು ಮರೆಯಲಿಲ್ಲ.

ನಾಟಕದ ತುಳಸಾ ನಿಜದಲ್ಲಿ ಫರಹೀನಳ ಸೋದರತ್ತೆ, ಹಸೀನಾ. ತವರೂರು ಭೋಜದ ಮನೆಯಲ್ಲಿ ಎಲ್ಲರಿಗೂ ಆಕೆ ಫುಪ್ಪು. ಮಿರಜಿಗೆ ಕೊಟ್ಟಿದ್ದರು. ತವರಿನಲ್ಲಿ ತಾಯಿಗೆ ಹುಷಾರಿಲ್ಲ ಎಂದು ಅತ್ತೆ ಬಸ್ ನಿಲ್ದಾಣದವರೆಗೆ ತಾನೇ ಕರೆತಂದು, ಒಂದೂವರೆ ವರ್ಷದ ಮಗನನ್ನು ಸೊಸೆಯ ತೋಳಿನಿಂದ ತನ್ನ ತೋಳಿಗೆ ಎತ್ತಿಕೊಂಡು, ನಾಳೆ ಕಳಿಸುತ್ತೇನೆಂದು ಬಸ್ಸಿಗೆ ಹತ್ತಿಸಿದ್ದಳು. ತಾಯಿ ಗಟ್ಟಿಮುಟ್ಟಾಗಿದ್ದಳು. ನಾಳೆ ಬಂದದ್ದು ಜೀಪಲ್ಲ, ತಲಾಕು. ಕಂಡಕ್ಟರ್ ಒಬ್ಬ ಮಾತ್ರ, ಆಕೆ ಹಿಂದೆ ಹಿಂದೆ ನೋಡುವುದನ್ನು ಕಂಡು, ಕಿಟಕಿಯ ಬದಿಯ ಸೀಟಿನಲ್ಲಿದ್ದ ಯಾರದೋ ಚೀಲ ಎತ್ತಿ ಕೆಳಗಿಟ್ಟು ಜಾಗ ಮಾಡಿಕೊಟ್ಟಿದ್ದನಂತೆ. ಇಷ್ಟನ್ನು ಫುಪ್ಪು ಬೀಡಿ ಕಟ್ಟುತ್ತ, ತಲೆ ಎತ್ತದೆ, ನೂರು ಸಲ ಹೇಳಿದ್ದಳು. ತಮ್ಮನ ಮನೆಯಲ್ಲಿ ಬೀಡಿ ಕಟ್ಟುತ್ತ, ತಮ್ಮನ ಮಕ್ಕಳನ್ನು ಬೆಳೆಸುತ್ತ ಆಕೆಯ ವಯಸ್ಸು ಕಳೆದಿತ್ತು. ಫರಹೀನಳಿಗೆ ಕಾಗವಾಡದಲ್ಲಿ ಕೆಲಸ ಸಿಕ್ಕಾಗ, "ಒಬ್ಬಾಕಿ ಹೆಂಗ ಇರ್ತಿ, ರೊಟ್ಟಿ ಬಡದ ಹಾಕಾಕ ನಾ ಬರ್ತೀನಿ" ಎಂದು ಹಿಂದೆ ಬಂದಳು. ಕಾಗವಾಡದಿಂದ, ರಾಜ್ಯದ ಗಡಿ ದಾಟಿದರೆ, ಮಿರಜ ಕೂಗಳತೆಯ ದೂರ. ರೊಟ್ಟಿ ಬರೀ ನೆಪವೆಂದು ಫರಹೀನಳಿಗೆ ಗೊತ್ತಿತ್ತು.

ಆ ಮಗ ತೌಸಿಫ, ಈಗ ಮಿರಜಿನಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಕಾಗವಾಡದ ದ್ರಾಕ್ಷಿ ತೋಟದವರೇ ಅವನ ಗಿರಾಕಿಗಳು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ತಾಯಿ ತನ್ನನ್ನು ಬಿಟ್ಟು ಹೋದವಳೆಂದು ಕೇಳುತ್ತ ಬೆಳೆದವನು. ಫರಹೀನ ಹುಡುಕಿ ಮಾತಾಡಿಸಿದ ಮೇಲೆ ಮೂರು ಸಲ ಮನೆಗೆ ಬಂದಿದ್ದ. ಮೊದಲ ಸಲ ಬಾಗಿಲಲ್ಲೇ ನಿಂತು ಹೋದ. ಎರಡನೇ ಸಲ ನೀರು ಕುಡಿದ. ಮೂರನೇ ಸಲ, ಈದಿನ ಮಾರನೆ ದಿನ, ಶೀರಖುರ್ಮಾ ಕುಡಿದು, ಬಟ್ಟಲು ತಾನೇ ತೊಳೆಯಲು ಹೋಗಿ, ಫುಪ್ಪು ಅವನ ಕೈ ಹಿಡಿದು ಅದನ್ನು ಬಿಡಿಸಿಕೊಂಡಾಗ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ಫುಪ್ಪು ಆ ಬಟ್ಟಲನ್ನು ಬಹಳ ಹೊತ್ತು ತೊಳೆದಳು.

"ಅಮ್ಮೀ ಅಂತ ಇನ್ನೂ ಅಂದಿಲ್ಲ," ಅಂದಳು. "ಅವಸರಾ ಇಲ್ಲ ಬಿಡು."

ಆ ಒಂದು ಶಬ್ದಕ್ಕಾಗಿ ಫುಪ್ಪು ಬದುಕಿದ್ದಾಳೆ ಎನ್ನುವುದು ಫರಹೀನಳಿಗೆ ಗೊತ್ತಿತ್ತು. ಅದಕ್ಕೇ ನಾಟಕದ ಮೊದಲ ಪ್ರತಿ ಮುಗಿದ ದಿನವೇ ತೌಸಿಫನಿಗೆ ಫೋನು ಮಾಡಿ, "ಭಾಯಿ, ಇದು ಫುಪ್ಪೂನ ಖರೇ ಕಥಿ. ಹೆಸರು ಅಷ್ಟ ಬ್ಯಾರೆ. ನೀ ಬಂದು ನೋಡಬೇಕು, ಭಾಭೀನೂ ಕರ್ಕೊಂಡ ಬಾ. ನೋಡಿದ್ರ ನಿಂಗ ಎಲ್ಲಾ ತಿಳೀತೈತಿ" ಎಂದು ಹೇಳಿದ್ದಳು. ಅವನು ಬರುತ್ತೇನೆ ಅಂದಿದ್ದ.

ಓದಿನ ಮರುದಿನದಿಂದ ಫರಹೀನ ತಿದ್ದಲು ಕೂತಳು. ಮೊದಲು ಬಸ್ ನಿಲ್ದಾಣದಲ್ಲಿ ತುಳಸಾಳಿಗೆ ಒಂದು ಉದ್ದ ಮಾತು ಬರೆದಳು. ಅತ್ತೆಗೆ, ಗಂಡನಿಗೆ, ಊರಿಗೆ, ಎಲ್ಲರಿಗೂ ಶಾಪ. ಮಾಸ್ತರರು ಕೇಳಿ, "ಒದರೂದು ಕೆಲಸ ಅಲ್ಲರಿ. ಒದರಿದ ಮ್ಯಾಲೂ ಅದ ಬಸ್ಸು ಹತ್ತಿದ್ಲಲ್ಲ?" ಅಂದರು. ಎರಡನೆಯ ಸಲ ತುಳಸಾ ಮಗುವನ್ನು ಬಿಡದೆ ಗುದ್ದಾಡಿದಳು, ಮೂವರು ಸೇರಿ ಕಿತ್ತುಕೊಂಡರು. "ಇದು ಝಗಳಾ. ಇದ್ರಾಗೂ ಮಾಡಿದವ್ರು ಅವರು, ಆಗಿದ್ದು ಈಕಿಗೆ. ಎರಡು ದಾರಿ ತೋರಸ್ರಿ, ಎರಡರಾಗೂ ಮುಳ್ಳು ಹಾಕ್ರಿ. ಆಮ್ಯಾಲ ಆಕಿನ್ನ ಬಿಟ್ಟ ನೋಡ್ರಿ, ಯಾವ ಕಡೆ ಕಾಲು ಇಡ್ತಾಳು."

ಅವಳು ಒಂದು ದಿನ ಫುಪ್ಪುವನ್ನೇ ಕೇಳಿದಳು. "ಫುಪ್ಪು, ನೀ ಏನ್ ಮಾಡಿದಿ ಆವತ್ತ?"

ಫುಪ್ಪು ಎಲೆಯ ಅಂಚು ಮಡಚುತ್ತ, "ಏನ್ ಮಾಡ್ಲಿ ಬೇಟಿ? ಬಸ್ ಬಂತು, ಹತ್ತಿದೆ" ಅಂದಳು.

"ಆಮ್ಯಾಲ?"

"ಆಮ್ಯಾಲ ಏನ? ಬೀಡಿ ಕಟ್ಟಿದೆ." ನಕ್ಕಳು. "ನನ್ನ ಕಥೀಗೆ ನಾನ ನಾಯಕಿ ಅಲ್ಲ ಅಂದ್ರೇನ ನಿಮ್ಮ ಮಾಸ್ತರ್ರು? ಖರೇ ಹೇಳ್ಯಾರ. ನಿಂಗ ಹೆಂಗ ಬೇಕ ಹಂಗ ಬರಿ. ನಾಟಕ ಅಲ್ಲೇನ."

ಫರಹೀನ ಬರೆದಳು. ಮೂರನೆಯ ಪ್ರತಿಯಲ್ಲಿ ತುಳಸಾಳಿಗೆ ಮುಂಚೆಯೇ ಗೊತ್ತು, ಜೀಪು ಬರುವುದಿಲ್ಲವೆಂದು. ನಿಲ್ದಾಣದಲ್ಲಿ ಅತ್ತೆ ಎದುರು ನಿಂತು, "ಕೂಸು ಬೇಕಂದ್ರ ಮನೀಗೆ ತಿರಗು, ಹೊಸಾ ಸೊಸೀ ಕಾಲು ತೊಳಕೋತ ಇರು. ನಿನ್ನ ಜೀವಾ ಬೇಕಂದ್ರ ಬಸ್ ಹತ್ತು" ಅನ್ನುತ್ತಾಳೆ. ಬಸ್ಸು ಹಾರ್ನು ಹೊಡೆಯುತ್ತದೆ. ತುಳಸಾ ತನ್ನ ಸೆರಗು ಹಿಡಿದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ತಾನೇ ಮಗುವನ್ನು ಅತ್ತೆಯ ಕೈಗೆ ಕೊಡುತ್ತಾಳೆ. "ಇವನಿಲ್ಲದಿದ್ದರೂ ನಾನು ಬದುಕಬಲ್ಲೆ" ಎಂದು ಹೇಳಿ, ಹಿಂದೆ ನೋಡದೆ ಬಸ್ಸು ಹತ್ತುತ್ತಾಳೆ. ಅಲ್ಲಿಂದ ಮುಂದಿನದೆಲ್ಲ ಆ ಹೆಜ್ಜೆಯಿಂದಲೇ ಹುಟ್ಟುತ್ತದೆ. ನಿಪ್ಪಾಣಿಯ ಬೀಡಿ ಕಾರ್ಖಾನೆ, ಹೆಂಗಸರ ಸಂಘ, ಧೈರ್ಯ, ಹೆಸರು. ಕೊನೆಗೆ ಬೆಳೆದ ಮಗ ಎದುರು ಬಂದಾಗ ಅವನು ಗುರುತಿಸದೆ ಹೋಗುವುದು. ಕೈ ಹಾಕಿದ್ದಳು, ಸುಟ್ಟಿತ್ತು.

ಮಾಸ್ತರರು ಕೇಳಿ ಮುಗಿಸಿ ಹಾರ್ಮೋನಿಯಮ್ಮಿನಿಂದ ಕೈ ತೆಗೆದರು. ಎದ್ದು ಹೊರಗೆ ಹೋಗಿ, ಮುಖ ತೊಳೆದು ಬಂದು, "ಈಗ ಆಕಿನ್ನ ತಗದ್ರ ನಾಟಕನ ಇಲ್ಲ" ಅಂದರು.

ನಾಯಕಿಯಾಗಿ ಬರಬೇಕಾದವಳು ಅಥಣಿಯ ಕಡೆಯ ಸ್ನೇಹಲ. ಇಷ್ಟು ಮಾತಿರುವ ಪಾರ್ಟು ಅವಳಿಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ಪದ್ಧತಿಯಂತೆ ಸಂಜೆ ಬರದೆ, ನಾಲ್ಕು ದಿನ ಮೊದಲೇ ಬಸ್ಸು ಹಿಡಿದು ಬಂದು ಫರಹೀನಳ ಮನೆಯಲ್ಲೇ ಉಳಿದಳು. ಫುಪ್ಪು ಅವಳ ಗಂಟಲಿಗೆಂದು ದಿನಾ ಬೆಳಗ್ಗೆ ಅರಿಸಿನದ ಹಾಲು ಕಾಸಿಕೊಟ್ಟಳು. ಅವಳು ತಾನು ಯಾರ ಪಾರ್ಟು ಮಾಡುತ್ತಿದ್ದೇನೆಂದು ತಿಳಿಯದೆ, ಅದನ್ನು ಕುಡಿದು ತಾಲೀಮಿಗೆ ಹೋಗುತ್ತಿದ್ದಳು.

ಕೊನೆಯ ತಾಲೀಮಿನ ದಿನ ಅವಳು ತಡೆದು ನಿಂತಳು. "ಅಕ್ಕಾ, ಬೆರಳು ಬಿಡಸ್ತೀನಿ, ಅಡ್ಡಿ ಇಲ್ಲ. 'ಬದುಕಬಲ್ಲೆ' ಅನ್ನೂದು ಬ್ಯಾಡೇನೋ. ಯಾವ ತಾಯಿ ಅಂತಾಳ್ರಿ?"

"ಅದ ಮಾತಿಗಾಗಿ ಇಡೀ ನಾಟಕ ಐತಿ ಸ್ನೇಹಲ. ಅದನ್ನ ಅನ್ನದಿದ್ರ ಆಕಿನ್ನ ಮತ್ತ ಯಾರೋ ಬಸ್ಸಿಗೆ ಹತ್ತಿಸಿದಂಗ ಆಗತೈತಿ."

"ಮೇಡಮ್ಮಾರ ಬರೋಬರಿ ಹೇಳ್ಯಾರ," ಅಂದರು ಮಾಸ್ತರರು. ಅವರು ಅವಳ ಮಾತನ್ನು ಬರೋಬರಿ ಎಂದದ್ದು ಅದೇ ಮೊದಲು. ಆ ಖುಷಿಯಲ್ಲಿ ಫರಹೀನಳಿಗೆ ತೌಸಿಫನ ನೆನಪಾಗಲಿಲ್ಲ. ಆಗಲಿಲ್ಲ ಎಂದರೆ ಪೂರ್ತಿ ಸುಳ್ಳಾಗುತ್ತದೆ. ಒಂದು ಕ್ಷಣ ಆಯಿತು. ಆಗ, ತಾಯಿ ಧೈರ್ಯದವಳೆಂದು ನೋಡಿದರೆ ಅವನಿಗೆ ಹೆಮ್ಮೆಯೇ ಆಗುತ್ತದೆ ಎಂದುಕೊಂಡಳು.

ನಾಟಕ ಇದ್ದದ್ದು ಊರಿನ ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿ, ಸಂಜೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಖಾಕಿ ಅಂಗಿ ತೊಟ್ಟು ಕಂಡಕ್ಟರಾಗಿದ್ದ ರಾವಸಾಹೇಬರು ಪರದೆಯ ಹಿಂದಿನಿಂದ ಓಡಿಬಂದು ಫುಪ್ಪುವಿಗೆ ಕೈಯಿರುವ ಕುರ್ಚಿ ಹಾಕಿಸಿ, "ಕೂಡ್ರಿ ಆಪಾ, ನೆಲಾ ತಂಪ ಐತಿ" ಎಂದು ಹೋದರು. ತೌಸಿಫ ಬಂದ. ಹೆಂಡತಿ ಅರ್ಶಿಯಾಳನ್ನೂ, ಒಂದು ವರ್ಷದ ಮಗಳನ್ನೂ ಮೊದಲ ಸಲ ಕರೆತಂದಿದ್ದ. ತಾನು ಗಂಡಸರ ಕಡೆ ಹೋಗುವ ಮುನ್ನ, ನೆಲ ನೋಡುತ್ತ, "ಅರ್ಶಿಯಾ, ಇವರ... ಅಮ್ಮೀ" ಎಂದ.

ಅಮ್ಮೀ ಎಂದು ಕರೆದದ್ದಲ್ಲ, ಬೇರೆಯವರಿಗೆ ತೋರಿಸಿ ಹೇಳಿದ್ದು. ಆದರೂ ಹೇಳಿದ್ದ. ಅರ್ಶಿಯಾ ಜಾಣೆ, ಮಾತಿಗೆ ಕಾಯದೆ ಮಗುವನ್ನೇ ಎತ್ತಿ ಫುಪ್ಪುವಿನ ಮಡಿಲಿಗೆ ಹಾಕಿದಳು. ಮಗು ಹೊಸ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ಬಾಯಲ್ಲಿ ಬೆರಳಿಟ್ಟುಕೊಂಡು, ಅಲ್ಲೇ ನಿದ್ದೆ ಹೋಯಿತು. ಫುಪ್ಪು ಕಾಲು ಅಲ್ಲಾಡಿಸಲೂ ಅಂಜಿ ಕೂತಳು.

ಮೊದಲ ಅಂಕ ಚೆನ್ನಾಗಿ ಹೋಯಿತು. ಅತ್ತೆಯ ಪಾರ್ಟಿನವನಿಗೆ ಹೆಂಗಸರು ಬೈದರು. ಬಸ್ ನಿಲ್ದಾಣದ ದೃಶ್ಯ ಬಂತು. ಫುಪ್ಪು ಫರಹೀನಳ ಕಡೆ ಬಾಗಿ, "ಕಂಡಕ್ಟರ್ ಪಾಪ ಹಿಂಗ ದಪ್ಪ ಇರಲಿಲ್ಲ" ಎಂದು ಪಿಸುಗುಟ್ಟಿದಳು.

ಸ್ನೇಹಲ ಮಗುವಿನ ಗೊಂಬೆಯ ಬೆರಳುಗಳನ್ನು ಬಿಡಿಸತೊಡಗಿದಳು. ಒಂದು. ಆಮೇಲೆ ಇನ್ನೊಂದು. ಸಭೆ ಉಸಿರು ಹಿಡಿಯಿತು. ಅಳುತ್ತ ಬಿಡಿಸುತ್ತಾಳೆ ಎಂದುಕೊಂಡಿದ್ದವರಿಗೆ ಅವಳ ಒಣಗಿದ ಕಣ್ಣು ಕಂಡು ಭಯವಾಯಿತು. ಮಗುವನ್ನು ಚಾಚಿದ ಕೈಗಳಲ್ಲಿ ಅತ್ತೆಗೆ ಒಪ್ಪಿಸಿ, ಎದುರಿಗೆ ತಿರುಗಿ, ಗಂಟಲು ನಡುಗದೆ ಅಂದಳು: "ಇವನಿಲ್ಲದಿದ್ದರೂ ನಾನು ಬದುಕಬಲ್ಲೆ."

ಯಾರೋ ಒಬ್ಬ ಸಿಳ್ಳೆ ಹೊಡೆದ. ಆಮೇಲೆ ಇಡೀ ಕಾರ್ಯಾಲಯ ಚಪ್ಪಾಳೆಯಲ್ಲಿ ಮುಳುಗಿತು. ಫರಹೀನಳ ಮೈ ಜುಮ್ಮೆಂದಿತು. ಪಕ್ಕಕ್ಕೆ ತಿರುಗಿದಳು.

ಅರ್ಶಿಯಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವಳು ಫುಪ್ಪುವಿನ ಮಡಿಲಿಗೆ ಬಾಗಿ, ಮಗುವಿನ ಕೆಳಗೆ ಎರಡೂ ಕೈ ತೂರಿಸಿ, ಎಚ್ಚರವಾಗದ ಹಾಗೆ ನಿಧಾನವಾಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಒರಟುತನವಿರಲಿಲ್ಲ. "ಕಾಲು ನೋಯತಾವಲ್ಲರಿ ನಿಮಗ" ಅಂದಳು ಕೂಡ. ಫುಪ್ಪು ಬಿಟ್ಟುಕೊಟ್ಟಳು. ಮಡಿಲಲ್ಲಿ ಮಗುವಿನ ಬಿಸಿ ಇದ್ದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಉಳಿದ ನಾಟಕವನ್ನೆಲ್ಲ ನೋಡಿದಳು.

ಮುಗಿದ ಮೇಲೆ ಜನ ಸ್ನೇಹಲಳನ್ನೂ ಮಾಸ್ತರರನ್ನೂ ಮುತ್ತಿದರು. ಫರಹೀನ ಅವರ ನಡುವಿನಿಂದ ನುಗ್ಗಿಕೊಂಡು ಹೊರಗೆ ಓಡಿದಳು. ತೌಸಿಫ ಮೋಟಾರ್ ಸೈಕಲ್ ಸ್ಟ್ಯಾಂಡ್ ತೆಗೆಯುತ್ತಿದ್ದ. ಫುಪ್ಪು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು.

"ಭಾಯಿ, ಆ ಸೀನ್ ನಾ ಬರದದ್ದು. ಹಂಗ ಆಗಿರಲಿಲ್ಲ."

"ನೀವ ಫೋನ್ ಮಾಡಿ ಹೇಳಿದ್ರಿ, ಖರೇ ಕಥಿ ಅಂತ."

"ಆವಾಗ ಬ್ಯಾರೆ ಬರದಿದ್ದೆ. ಆಮ್ಯಾಲ ಬದಲಿ ಮಾಡಿದೆ."

"ಯಾಕ?"

ಹೇಳಲು ಅವಳಲ್ಲಿ ಇದ್ದದ್ದು ಒಂದೇ ಉತ್ತರ. "ನಾಟಕ ನಿಲ್ಲತಿರಲಿಲ್ಲ."

ತೌಸಿಫ ನಕ್ಕ. ಆ ನಗೆಯನ್ನು ನೋಡಲಾಗದೆ ಅರ್ಶಿಯಾ ಮಗುವಿನ ಕಡೆ ತಿರುಗಿದಳು. "ನಮ್ಮ ಅಬ್ಬಾನೂ ನಾ ಸಣ್ಣಾವ ಇದ್ದಾಗಿಂದ ಇದನ್ನ ಹೇಳ್ಯಾರ. ಬೆರಳು ಬಿಡಿಸಿ ಕೊಟ್ಟು ಹೋದ್ಲು ಅಂತ. ಅವರೂ ನಾಟಕಾ ಬರದಿದ್ರೇನು?"

ಇದನ್ನು ಫರಹೀನ ಎಂದೂ ಕೇಳಿರಲಿಲ್ಲ. ತಾನು ಊಹೆಯಿಂದ ಕಟ್ಟಿದ್ದು ಆ ಮನೆಯಲ್ಲಿ ಇಪ್ಪತ್ತಾರು ವರ್ಷ ದಿನಾ ಹೇಳುತ್ತ ಬಂದ ಸುಳ್ಳೇ ಆಗಿತ್ತು.

ಅವನು ತಾಯಿಯ ಕಡೆ ತಿರುಗಿದ. "ಇವರನ್ನ ಬಿಡು. ನೀ ಹೇಳು. ನೀ ಕೊಟ್ಟ್ಯೋ, ಅವರು ಕಸ್ಕೊಂಡ್ರೋ?"

"ನಿನ್ನ ದಾದಿ, ನಮ್ಮತ್ತಿ, ಎತ್ಕೊಂಡ್ರು," ಅಂದಳು ಫುಪ್ಪು.

"ಆತು. ಕಸ್ಕೊಂಡ್ರು. ನೀ ಬಸ್ ಹತ್ತಿದಿ, ಅದೂ ಆತು. ಆಮ್ಯಾಲ? ಮಿರಜ ಏನ ಸಮುದ್ರದ ಆಚಿ ಇತ್ತೇನು? ಒಂದ ಸಲ, ಒಂದ ಒಂದ ಸಲ ನನ್ನ ನೋಡಾಕ ಬರಬೇಕು ಅನ್ನಿಸಲಿಲ್ಲ ನಿಂಗ? ನಾ ಸಾಲೀ ಗೇಟಿನ್ಯಾಗ ನಿಂತು ಪ್ರತಿ ಬುರಖಾ ನೋಡ್ತಿದ್ದೆ. ಬಂದಿದ್ಯಾ? ಬಂದಿದ್ದೆ ಅನ್ನು ಸಾಕು. ಸುಳ್ಳ ಆದ್ರೂ ನಡೀತೈತಿ, ಅನ್ನು."

ಫುಪ್ಪುವಿನ ತುಟಿ ತೆರೆದವು. ಫರಹೀನ ಕಾದಳು, ಅರ್ಶಿಯಾ ಕಾದಳು. ಫುಪ್ಪು ಕೈ ಚಾಚಿ ಮಗುವಿನ ಕುಂಚಿಗೆಯನ್ನು ಕಿವಿಯ ಮೇಲೆ ಎಳೆದಳು.

"ಗಾಳಿ ಬಿಟ್ಟೈತಿ. ಗಾಡಿ ಮ್ಯಾಲ ಕಿವಿ ಮುಚ್ಚಿ ಹಿಡಕೋವಾ," ಎಂದು ಅರ್ಶಿಯಾಳಿಗೆ ಹೇಳಿದಳು.

ತೌಸಿಫ ಗಾಡಿಗೆ ಕಿಕ್ ಹೊಡೆದ. ಒಂದು ಸಲಕ್ಕೆ ಎಂಜಿನ್ ಹತ್ತಲಿಲ್ಲ. ಮೋಟಾರು ರಿಪೇರಿ ಮಾಡುವವನ ಗಾಡಿ, ಮೂರು ಸಲ ಒದೆಸಿಕೊಂಡಿತು. ಅಷ್ಟು ಹೊತ್ತೂ ಫುಪ್ಪು ಹತ್ತಿರವೇ ನಿಂತಿದ್ದಳು, ಅವನು ತಲೆ ಎತ್ತಲಿಲ್ಲ. "ಇನ್ನ ಫೋನ್ ಮಾಡಬ್ಯಾಡ್ರಿ," ಎಂದು ಫರಹೀನಳಿಗೆ ಹೇಳಿ ಹೋದ.

ಮರುದಿನ ಬೆಳಗ್ಗೆ ಸ್ನೇಹಲಳನ್ನು ಬಸ್ಸಿಗೆ ಬಿಟ್ಟು ಫರಹೀನ ಮನೆಗೆ ಬಂದಾಗ ಫುಪ್ಪು ರೊಟ್ಟಿ ಬಡಿಯುತ್ತಿದ್ದಳು. ಫರಹೀನ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಬೈ ಫುಪ್ಪು. ಹೊಡಿ" ಅಂದಳು.

"ಹೊಡದ್ರ ಅಂವ ಬರ್ತಾನೇನು?" ಅಂದಳು ಫುಪ್ಪು. ಅದರಲ್ಲಿ ಸಿಟ್ಟಿರಲಿಲ್ಲ. ರೊಟ್ಟಿಯನ್ನು ತಿರುವಿ ಹಾಕಿ, ಆಮೇಲೆ ಹೇಳಿದಳು. "ನಾ ಹೋಗ್ತಿದ್ದೆ."

"ಎಲ್ಲಿಗಿ?"

"ಮಿರಜಿಗೆ. ದರ್ಗಾಕ್ಕ. ಪ್ರತಿ ಗುರುವಾರ, ಜುಮೇರಾತ. ಭೋಜದಾಗ ಎಲ್ಲಾರೂ ಹರಕಿ ಅನ್ಕೊಂಡಿದ್ರು. ನಾ ಹೋದ ಮ್ಯಾಲ ಆ ಮನೀಗೆ ಬಂದ್ಲಲ್ಲ, ತೌಸಿಫನ ಅಬ್ಬಾನ ಎರಡನೇ ಹೆಂಡ್ತಿ, ಆಕಿ ನನ್ನ ಹುಡಿಕಿ ಹೇಳಿ ಕಳಿಸಿದ್ಲು. ಕೂಸಿನ್ನ ದರ್ಗಾಕ್ಕ ಕರ್ಕೊಂಡ ಬರ್ತೀನಿ, ದೂರಿಂದ ನೋಡು ಅಂತ. ಸಣ್ಣಾವ ಇದ್ದಾಗ ಎತ್ಕೊಳ್ಳಾಕೂ ಕೊಡ್ತಿದ್ಲು. ತನ್ನ ಹೊಟ್ಟಿಲಿಂದ ಒಂದೂ ಆಗಲಿಲ್ಲ ಆಕಿಗೆ. ಆದ್ರೂ ನಂಗ ಕೊಡ್ತಿದ್ಲು. ತಿಳಿವಳಿಕಿ ಬಂದ ಮ್ಯಾಲ ಕಂಬದ ಹಿಂದ ನಿಂತು ನೋಡ್ತಿದ್ದೆ. ಒಮ್ಮೆ ಆ ಮನಷ್ಯಾಗ ಸಂಶೇ ಬಂದು ಆಕಿ ಕೈ ಮುರದ. ಕೈಗೆ ಪಟ್ಟಿ ಕಟ್ಗೊಂಡು ಮುಂದಿನ ಜುಮೇರಾತ ಮತ್ತ ಬಂದ್ಲು."

ಫರಹೀನ ಬಾಯಿ ತೆರೆದು ಕೂತಿದ್ದಳು. "ಇದನ್ನ ನಿನ್ನೆ ಅನ್ನಬೇಕಿತ್ತು! ಅಂವ ಅದನ್ನ ಕೇಳಿದ್ದು!"

"ಆ ಮುದಕ ಇನ್ನೂ ಬದಕ್ಯಾನ. ಮಾತು ಅವನ ಕಿವಿಗೆ ಹೋದ ದಿನ ಆಕಿನ್ನ ಹೊರಗ ಹಾಕ್ತಾನ. ಆಕಿಗೆ ತಮ್ಮಾ ಇಲ್ಲ, ನಿನ್ನಂಥಾ ತಮ್ಮನ ಮಗಳಿಲ್ಲ. ಇಷ್ಟ ವಯಸ್ಸಿಗೆ ಎಲ್ಲಿಗಿ ಹೋಗಬೇಕು? ಆ ಮುದಕ ಇರೂತನಾ ಯಾರ ಮುಂದೂ ಅನ್ನಂಗಿಲ್ಲ ಅಂತ ನಾ ಆಕಿಗೆ ಮಾತು ಕೊಟ್ಟೀನಿ."

"ತೌಸಿಫಗ ಅಷ್ಟ ಹೇಳೂಣು. ಅಂವ ಯಾರ ಮುಂದೂ..."

"ಅಂವ ಸೀದಾ ಮನೀಗೆ ಹೋಗಿ ಆಕಿನ್ನ ಕೇಳ್ತಾನ. ಒದರಿ ಕೇಳ್ತಾನ. ನೋಡಿದ್ಯಲ್ಲ ನಿನ್ನೆ, ಎಷ್ಟ ಒದರ್ತಾನ." ಅದನ್ನು ಹೇಳುವಾಗ ಫುಪ್ಪುವಿನ ಮುಖದಲ್ಲಿ ಒಂದು ಬಗೆಯ ಮಮತೆ ಕಂಡಿತು, ಮಗನ ಗುಣವೊಂದನ್ನು ಹತ್ತಿರದಿಂದ ಅರಿತುಕೊಂಡ ತಾಯಿಯದು.

ಫರಹೀನ ಫೋನು ಕೈಗೆತ್ತಿಕೊಂಡಳು. ಫುಪ್ಪು ಹಿಟ್ಟು ಮೆತ್ತಿದ ಕೈಯನ್ನು ಫೋನಿನ ಮೇಲೆ ಇಟ್ಟಳು. ಒತ್ತಿ ಹಿಡಿದಳು.

"ಬ್ಯಾಡ ಅಂದೆ."

"ಅಂವ ಮತ್ತ ಬರೂದಿಲ್ಲ ಫುಪ್ಪು."

"ಗೊತ್ತೈತಿ. ನಿನ್ನೆ ಅಲ್ಲೆ ನಿಂತಾಗನ ಗೊತ್ತಿತ್ತು. ಗಾಡಿ ಹತ್ತಲಿಲ್ಲಲ್ಲ, ಅವಾಗ ಅನ್ನಿಸಿತ್ತು, ಅಂದ್ ಬಿಡ್ಲಿ ಅಂತ. ಅನ್ನಲಿಲ್ಲ." ಅವಳು ಮುಖ ತಿರುಗಿಸಿ, ತೋಳಿನಿಂದ ಕಣ್ಣು ಒರೆಸಿಕೊಂಡಳು. ಹಿಟ್ಟು ಹಣೆಗೆ ಹತ್ತಿತು.

ಆ ಹಿಟ್ಟನ್ನು ಒರೆಸಬೇಕಾಗಿತ್ತು. ಫರಹೀನಳ ಕೈ ಏಳಲಿಲ್ಲ. ಅವಳ ತಲೆಯಲ್ಲಿ ಅಷ್ಟರಲ್ಲೇ ದರ್ಗಾದ ಕಂಬ ಎದ್ದಿತ್ತು, ಅದರ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ಎದುರಿನಿಂದ ಮುರಿದ ಕೈಯ ಇನ್ನೊಬ್ಬಳು ಮಗುವನ್ನು ನಡೆಸಿಕೊಂಡು ಬರುತ್ತಿದ್ದಳು. ಇದನ್ನು ಎರಡನೇ ಅಂಕದಲ್ಲಿ ಇಡಬೇಕೋ, ಮೂರನೆಯದರಲ್ಲೋ. ಗಾಡಿಯ ಎಂಜಿನ್ ಹತ್ತದಿರುವ ಜಾಗದಲ್ಲೇ ಪರದೆ ಬಿಡಬೇಕು. ಅಳುತ್ತಿರುವ ಫುಪ್ಪುವನ್ನು ನೋಡುತ್ತಲೇ ಅವಳು ಅದನ್ನೆಲ್ಲ ಜೋಡಿಸಿದಳು. ಜೋಡಿಸುತ್ತಿದ್ದೇನೆಂದು ತಿಳಿದಾಗ ಕಣ್ಣು ಕೆಳಗೆ ಹಾಕಿದಳು.

ಫುಪ್ಪು ಅವಳ ಮುಖ ಓದಿದಳೋ ಏನೋ. "ಇದನ್ನ ಬರೀಬ್ಯಾಡ," ಅಂದಳು.

"ಇಲ್ಲ ಫುಪ್ಪು."

ಫೋನು ಫುಪ್ಪುವಿನ ಅಂಗೈ ಕೆಳಗೇ ಬಡಿದುಕೊಂಡಿತು. ಇಬ್ಬರೂ ಒಮ್ಮೆಲೇ ಬೆಚ್ಚಿದರು. ತೌಸಿಫನಲ್ಲ, ಮಾಸ್ತರರು. ಫುಪ್ಪು ಕೈ ತೆಗೆದು, "ಎತ್ತು, ಪಾಪ, ಹಿರೇರು ಕಾಯಾಕತ್ತಾರ" ಅಂದಳು.

"ಮೇಡಮ್ಮಾರ!" ಮಾಸ್ತರರ ದನಿ ಅಪರೂಪಕ್ಕೆ ಏರಿತ್ತು. "ರಾಯಬಾಗ ಕಡೆ ಅಲಖನೂರದವ್ರು ಕೂತಾರ ನನ್ನ ಮನ್ಯಾಗ. ಬರೂ ಹುಣ್ಣಿವಿಗೆ ನಾಟಕ ಬೇಕಂತ. ಅಥಣ್ಯಾವ್ರೂ ಕೇಳ್ಯಾರ. ಎಲ್ಲಾರಿಗೂ ಬಾಯಾಗ ಅದ ಮಾತು ನೋಡ್ರಿ, ಬದುಕಬಲ್ಲೆ, ಬದುಕಬಲ್ಲೆ."

"ಮಾಸ್ತರ್ರ, ಆ ಸೀನ್ ನಾ ಬದಲಿ ಮಾಡ್ಬೇಕಂತೀನಿ. ಮೊದಲಿನಂಗ."

ಆಚೆ ಕಡೆಯಿಂದ ಅದೇ ಹಳೆಯ ಮೆತ್ತಗಿನ ದನಿ. "ಮೊದಲಿನಂಗ ಅಂದ್ರ? ಮತ್ತ ಟಪಾಲ ಮಾಡ್ತೀರೇನು ಆಕಿನ್ನ? ಇಡೀ ಊರು ಎದ್ದ ನಿಂತು ಚಪ್ಪಾಳಿ ಹೊಡದೈತ್ರಿ ಆ ಹೆಣ್ಣಮಗಳಿಗೆ. ಇನ್ನ ಆ ಸೀನ್ ನಿಮ್ಮದೂ ಅಲ್ಲ, ನಂದೂ ಅಲ್ಲ. ಅಲಖನೂರದವ್ರು ಒಂದ ಮಾತು ಅಂದಾರ, ಅದು ಖರೇ ಅನ್ನಿಸತೈತಿ. ಬೆರಳು ಬಿಡಸೂದು ಬೇಗ ಮುಗೀತು ಅಂತ. ಅಲ್ಲೊಂದ ಹಾಡು ಹಾಕಿ ಸ್ವಲ್ಪ ಎಳೀಬೇಕು. ನಾ ಧಾಟಿ ಕೂಡಸ್ತೀನಿ, ನೀವು ಮಾತು ಬರದ ಕೊಡ್ರಿ. ಆಗಬಹುದಲ್ಲ?"

ಫುಪ್ಪುವಿಗೆ ಅಷ್ಟೂ ಕೇಳಿಸಿತ್ತು, ಫೋನಿಗೆ ಅಷ್ಟು ಹತ್ತಿರ ಇದ್ದಳು. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿ, ಅದು ಉಬ್ಬುವುದನ್ನೇ ನೋಡುತ್ತ ಕೂತಳು.

"ಮೇಡಮ್ಮಾರ? ಹೆಲೋ? ಅದೀರೇನು?"

"ಹೂಂ ರಿ," ಅಂದಳು ಫರಹೀನ.